ಕಳೆದ ತಿಂಗಳು 254, ಈ ತಿಂಗಳು 1832: ಬಿಲ್ ಹಾಕಿದ್ದೀನಿ, ಯಾರಾದರೂ ಲೆಕ್ಕ ಬಿಡಿಸಿ ಹೇಳಿ

ಮಂಜುಳಾ, ಕ್ಯಾತ್ಸಂದ್ರ

ನಮಸ್ಕಾರ. ಕರೆಂಟ್ ಬಿಲ್ಲಿನ ಸ್ಕ್ರೀನ್‌ಶಾಟ್ ಹಾಕಿದ್ದೀನಿ. ಆರ್‌ಆರ್ ನಂಬರ್, ಹೆಸರು ಮುಚ್ಚಿದ್ದೀನಿ. ಫೋಟೋ ಮಸುಕಾಗಿ ಕಂಡರೆ ಅಂತ ಇಲ್ಲೂ ಬರೀತೀನಿ.

ಹಿಂದಿನ ರೀಡಿಂಗ್ 11482, ಡಿಸೆಂಬರ್ 5. ಈಗಿನ ರೀಡಿಂಗ್ 11691, ಜನವರಿ 7. ಬಳಕೆ 209 ಯೂನಿಟ್. ಮಂಜೂರಾದ ಲೋಡ್ 3 ಕಿಲೋವ್ಯಾಟ್. ಗೃಹಜ್ಯೋತಿಯಲ್ಲಿ ನಮಗೆ ಅರ್ಹ ಯೂನಿಟ್ 148. ಕಟ್ಟಬೇಕಾದ ಹಣ 1832 ರೂಪಾಯಿ.

ಕಳೆದ ತಿಂಗಳು ನವೆಂಬರ್ 4ರಿಂದ ಡಿಸೆಂಬರ್ 5ರವರೆಗೆ 186 ಯೂನಿಟ್ ಆಗಿತ್ತು. ಆಗ ಬಂದಿದ್ದು 254 ರೂಪಾಯಿ. 23 ಯೂನಿಟ್ ಜಾಸ್ತಿಯಾಗಿದ್ದಕ್ಕೆ 1578 ರೂಪಾಯಿ ಜಾಸ್ತಿ ಹೇಗಾಗುತ್ತೆ? ಮನೆಯಲ್ಲಿ ಐದು ಜನ ಇದ್ದೀವಿ. ಎಸಿ ಇಲ್ಲ. ಗೀಸರ್, ಫ್ರಿಜ್, ವಾಷಿಂಗ್ ಮಷೀನ್, ಟಿವಿ, ಸಂಪಿನಿಂದ ನೀರೆತ್ತೋ ಮೋಟಾರ್ ಇವೆ. ಯಾವುದನ್ನ ಕಡಿಮೆ ಮಾಡಬೇಕು ಅಂತ ಗೊತ್ತಾಗ್ತಿಲ್ಲ.

ಸುರೇಶ್, ಕೋಲಾರ

ಇದು ಸ್ಲ್ಯಾಬ್ ಏಟು ಅಕ್ಕ. 100 ಯೂನಿಟ್‌ವರೆಗೆ ಒಂದು ರೇಟು. 100 ದಾಟಿದರೆ ಎಲ್ಲಾ ಯೂನಿಟ್‌ಗೂ 7 ರೂಪಾಯಿ ಹಾಕ್ತಾರೆ. ಹೇಗಾದರೂ ಮಾಡಿ 100ರ ಒಳಗೆ ತನ್ನಿ.

ಮತ್ತೆ ಕಳ್ಳ ಸಿಗಬೇಕು ಅಂದ್ರೆ ಗೀಸರ್ ನೋಡಿ. ದಿನಕ್ಕೆ ಎಷ್ಟು ಹೊತ್ತು ಆನ್ ಇರುತ್ತೆ?

ಮಂಜುಳಾ, ಕ್ಯಾತ್ಸಂದ್ರ

ಬೆಳಿಗ್ಗೆ ಐದೂವರೆಗೆ ಹಾಕಿದರೆ ಎಂಟೂವರೆಗೆ ಎಲ್ಲರ ಸ್ನಾನ ಮುಗಿದ ಮೇಲೆ ಆಫ್. 15 ಲೀಟರಿನದು, 2000 ವ್ಯಾಟ್ ಅಂತ ಬರೆದಿದೆ.

ಸುರೇಶ್, ಕೋಲಾರ

ನೋಡಿ ಮತ್ತೆ. 2 ಕಿಲೋವ್ಯಾಟ್, ಮೂರು ಗಂಟೆ, ದಿನಕ್ಕೆ 6 ಯೂನಿಟ್. ಬಿಲ್ಲಿನ 33 ದಿನಕ್ಕೆ 198 ಯೂನಿಟ್. ಇಡೀ ಬಿಲ್ಲು ಗೀಸರಿನದೇ!

ವೆಂಕಟೇಶ್, ಗೌರಿಬಿದನೂರು

ಮೀಟರ್ ಕೆಟ್ಟಿದೆ ಅನ್ಸುತ್ತೆ. 254 ಇದ್ದದ್ದು ಏಕ್‌ದಮ್ 1832 ಅಂದ್ರೆ ಇನ್ನೇನು? ನಮ್ಮ ಪಕ್ಕದ ಮನೆಯವರು ಹೊಸ ಮೀಟರ್ ಹಾಕಿಸಿಕೊಂಡ ಮೇಲೆ ಸರಿ ಹೋಯ್ತು. ಮೊದಲು ಮೀಟರ್ ಟೆಸ್ಟಿಂಗ್‌ಗೆ ಅರ್ಜಿ ಕೊಡಿ ಮೇಡಂ.

ನಾಗರಾಜಪ್ಪ, ತಿಪಟೂರು

ಮಂಜುಳಮ್ಮ, ಅರ್ಜಿ ಬರೆಯೋ ಮುಂಚೆ ಸ್ವಲ್ಪ ನಿಲ್ಲಿ. ನಾನು ಬಹಳ ವರ್ಷ ವೈರಿಂಗ್ ಗುತ್ತಿಗೆ ಮಾಡಿದವನು. ನಿಮ್ಮ ಬಿಲ್ಲು ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ.

ಮೊದಲು ಸುರೇಶ್ ಹೇಳಿದ 100ರ ಮಾತು. ಅದು 2023-24ರ ದರ. ಆಗ 100ರವರೆಗೆ 4 ರೂಪಾಯಿ 75 ಪೈಸೆ ಇತ್ತು, ದಾಟಿದರೆ ಎಲ್ಲಾ ಯೂನಿಟ್‌ಗೂ 7 ರೂಪಾಯಿ. 2024ರ ಏಪ್ರಿಲ್‌ನಿಂದ ಕರೆಂಟ್ ದರ ನಿಗದಿ ಮಾಡೋ ಆಯೋಗ ಕೆಇಆರ್‌ಸಿ ಮನೆ ಬಳಕೆಗೆ ಸ್ಲ್ಯಾಬ್ ತೆಗೆದು ಒಂದೇ ದರ ಮಾಡಿತು. ಆಗ 5.90 ಇತ್ತು, 2025ರ ಏಪ್ರಿಲ್‌ನಿಂದ 5.80. ಮೊದಲ ಯೂನಿಟ್‌ಗೂ ಅಷ್ಟೇ, ಇನ್ನೂರನೇದಕ್ಕೂ ಅಷ್ಟೇ. ಹಾಗಾಗಿ 100ರ ಒಳಗೆ ತರೋಕೆ ಒದ್ದಾಡಬೇಡಿ. ಅಲ್ಲಿ ಈಗ ಯಾವ ಗೆರೆಯೂ ಇಲ್ಲ.

ಈಗ ನಿಮ್ಮ ಬಿಲ್ಲು ಬಿಡಿಸೋಣ. 209 ಯೂನಿಟ್‌ಗೆ 5.80ರಂತೆ 1212 ರೂಪಾಯಿ 20 ಪೈಸೆ. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145, ನಿಮ್ಮದು 3, ಅಂದ್ರೆ 435. ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಅಂತ ಯೂನಿಟ್‌ಗೆ 36 ಪೈಸೆ ಇದೆ, ಅದು 75.24. ತೆರಿಗೆ 1212.20ರ ಮೇಲೆ ಶೇಕಡಾ 9, ಅಂದ್ರೆ 109.10. ಕೂಡಿ ನೋಡಿ, 1831.54. ಇಂಧನ ಹೊಂದಾಣಿಕೆಯ ಸಾಲು ನಿಮ್ಮ ಬಿಲ್ಲಿನಲ್ಲಿ ಖಾಲಿ ಇದೆ. ಅದು ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ. ಇದ್ದಿದ್ದರೆ ಅದೂ ಸೇರುತ್ತಿತ್ತು.

ಕಳೆದ ತಿಂಗಳದ್ದೂ ಹೀಗೇ ಬಿಡಿಸಿ. 186ರಲ್ಲಿ 148 ಯೂನಿಟ್ ಸರ್ಕಾರದ ಲೆಕ್ಕಕ್ಕೆ ಹೋಯ್ತು. ನಿಮಗೆ ಉಳಿದಿದ್ದು 38. ಅದಕ್ಕೆ 5.80ರಂತೆ 220.40, ಆ 36 ಪೈಸೆಯ ಬಾಬ್ತು 13.68, ತೆರಿಗೆ 19.84. ಒಟ್ಟು 254. ನಿಗದಿತ ಶುಲ್ಕ ನಿಮ್ಮ ಮೇಲೆ ಬರಲೇ ಇಲ್ಲ.

ಈಗ ಇರೋ ಗೆರೆ ಒಂದೇ, 200. ಗೃಹಜ್ಯೋತಿಯಲ್ಲಿ ಅರ್ಹ ಯೂನಿಟ್ ದಾಟಿದರೂ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳ ರಿಯಾಯಿತಿ ಪೂರ್ತಿ ಹೋಯ್ತು. ಮೊದಲ ಯೂನಿಟ್‌ನಿಂದ ನೀವೇ ಕಟ್ಟಬೇಕು, ನಿಗದಿತ ಶುಲ್ಕವೂ ಸೇರಿ. ನೀವು 200ಕ್ಕೆ ನಿಂತಿದ್ದರೆ 52 ಯೂನಿಟ್‌ಗೆ ಹತ್ತಿರ ಹತ್ತಿರ 347 ರೂಪಾಯಿ ಆಗುತ್ತಿತ್ತು. ಮೇಲಿನ 9 ಯೂನಿಟ್ ನಿಮಗೆ ಸುಮಾರು 1485 ರೂಪಾಯಿ ತಗುಲಿಸಿತು.

ಫಾತಿಮಾ, ಚಿಂತಾಮಣಿ

ನಾಗರಾಜಣ್ಣ, ನಮಗೆ ಯಾಕೆ ಅರ್ಹ ಯೂನಿಟ್ 58 ಮಾತ್ರ? ಮಂಜುಳಾ ಅವರಿಗೆ 148 ಅಂತೆ. ನಾವು ನಾಲ್ಕು ಜನ. ಹೊಸ ಮನೆ ಕಟ್ಟಿ ಬಂದಿದ್ದೀವಿ. ಪ್ರತಿ ತಿಂಗಳೂ 110 ಆಗುತ್ತೆ, ಪ್ರತಿ ತಿಂಗಳೂ ದುಡ್ಡು ಕಟ್ತೀವಿ.

ನಾಗರಾಜಪ್ಪ, ತಿಪಟೂರು

ಅದು ಮನೆಯ ಜನರ ಲೆಕ್ಕ ಅಲ್ಲಮ್ಮ, ಮೀಟರಿನ ಹಳೇ ಬಳಕೆಯ ಲೆಕ್ಕ. 2022-23ರಲ್ಲಿ ಆ ಸಂಪರ್ಕ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮೇಲೆ ಶೇಕಡಾ 10 ಸೇರಿಸಿದ್ದಾರೆ. ಮಂಜುಳಮ್ಮನ ಮನೆಯ ಸರಾಸರಿ 135ರ ಹತ್ತಿರ ಇದ್ದಿರಬೇಕು. ನಿಮ್ಮದು ಹೊಸ ಸಂಪರ್ಕ, ಹಳೇ ಲೆಕ್ಕ ಇಲ್ಲ. ಅದಕ್ಕೆ ರಾಜ್ಯದ ಸರಾಸರಿ 53 ಹಿಡಿದು 58 ಕೊಟ್ಟಿದ್ದಾರೆ.

ನಿಮ್ಮ ಸಮಸ್ಯೆ ಬೇರೆ. ನೀವು 200ರ ಹತ್ತಿರವೂ ಇಲ್ಲ. ನಿಮಗೆ ಒಂದು ಯೂನಿಟ್ ಉಳಿದರೆ 6 ರೂಪಾಯಿ 68 ಪೈಸೆ ಉಳಿಯುತ್ತೆ, ಅಷ್ಟೇ. ನೀವು ಗಾಬರಿಯಾಗೋದು ಬೇಡ.

ಫಾತಿಮಾ, ಚಿಂತಾಮಣಿ

ಅನ್ಯಾಯ ಅನ್ಸುತ್ತೆ ಅಣ್ಣ. ಆವಾಗ ಜಾಸ್ತಿ ಸುಟ್ಟವರಿಗೆ ಈಗ ಜಾಸ್ತಿ ಫ್ರೀ. ಹಾಗೆ ನೋಡಿದರೆ ಮಿತವಾಗಿ ಇದ್ದವರಿಗೇ ನಷ್ಟ ಅಲ್ವಾ?

ಸುರೇಶ್, ಕೋಲಾರ

ದರದ ವಿಷಯ ಒಪ್ಪಿದೆ. ಆದರೆ ಗೀಸರ್ ಲೆಕ್ಕದಲ್ಲಿ ತಪ್ಪೇನಿದೆ? 2 ಕಿಲೋವ್ಯಾಟ್ ಅಂದ್ರೆ ಗಂಟೆಗೆ 2 ಯೂನಿಟ್ ತಾನೇ?

ನಾಗರಾಜಪ್ಪ, ತಿಪಟೂರು

ಗಂಟೆಗೆ 2 ಯೂನಿಟ್ ಹೌದು, ಕಾಯಿಲ್ ಓಡುತ್ತಿದ್ದರೆ. ಗೀಸರ್ ಒಳಗೆ ಥರ್ಮೋಸ್ಟಾಟ್ ಇದೆಯಲ್ಲ. ನೀರು ಕಾದ ತಕ್ಷಣ ಅದು ಕಟ್ ಮಾಡುತ್ತೆ. ಯಾರಾದರೂ ಬಿಸಿನೀರು ಬಿಟ್ಟಾಗ ತಣ್ಣೀರು ಒಳಗೆ ಬರುತ್ತೆ, ಆಗ ಮತ್ತೆ ಹತ್ತುತ್ತೆ. ಸ್ವಿಚ್ ಮೂರು ಗಂಟೆ ಆನ್ ಇದ್ದರೂ ಕಾಯಿಲ್ ಅಷ್ಟು ಹೊತ್ತು ಉರಿಯಲ್ಲ. ನಿಮ್ಮ ಲೆಕ್ಕವನ್ನೇ ಬಿಲ್ಲಿನ ಪಕ್ಕ ಇಟ್ಟು ನೋಡಿ. ಗೀಸರಿಗೇ 198 ಹೋದರೆ ಫ್ರಿಜ್, ಮೋಟಾರ್, ಟಿವಿ, ಲೈಟು ಎಲ್ಲಕ್ಕೂ ಸೇರಿ 33 ದಿನಕ್ಕೆ 11 ಯೂನಿಟ್ ಉಳಿಯುತ್ತೆ. ಫ್ರಿಜ್ ಒಂದಕ್ಕೇ ಸಾಲದು.

ಊಹೆ ಮಾಡೋದಕ್ಕಿಂತ ಮೀಟರನ್ನೇ ಕೇಳೋದು ವಾಸಿ. ಮಂಜುಳಮ್ಮ, ನೀವು ಎರಡು ಕೆಲಸ ಮಾಡಿ. ರಾತ್ರಿ ಹತ್ತಕ್ಕೆ, ಎಲ್ಲರೂ ಮಲಗಿದ ಮೇಲೆ, ಮೀಟರಿನ ಫೋಟೋ ತೆಗೀರಿ. ಬೆಳಿಗ್ಗೆ ಗೀಸರ್ ಹಾಕೋ ಮುಂಚೆ ಒಂದು, ಆಫ್ ಮಾಡಿದ ಮೇಲೆ ಒಂದು ತೆಗೀರಿ. ದಶಮಾಂಶದ ಅಂಕಿ ಕಾಣೋ ಹಾಗಿರಲಿ. ಆ ಹೊತ್ತಿನಲ್ಲಿ ನೀರಿನ ಮೋಟಾರ್ ಹಾಕಬೇಡಿ.

ಇನ್ನೊಂದು, ಮೀಟರಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತೆ. ಅದರ ಹತ್ತಿರ imp/kWh ಅಂತ ಒಂದು ಸಂಖ್ಯೆ ಇರುತ್ತೆ, ಅದೆಷ್ಟು ಅಂತ ನೋಡಿ. ಮನೆಯ ಎಲ್ಲಾ ಪ್ಲಗ್ ಕಿತ್ತು, ಲೈಟು ಆರಿಸಿ, ಮೇನ್ ಮಾತ್ರ ಆನ್ ಇಟ್ಟು ಐದು ನಿಮಿಷ ಆ ದೀಪ ನೋಡಿ. ಮಿಣುಕಿದರೆ ಎಲ್ಲೋ ಕರೆಂಟ್ ಸೋರ್ತಿದೆ, ಇಲ್ಲಾ ಯಾರದೋ ಲೈನು ನಿಮ್ಮ ಮೀಟರಿಗೆ ಸೇರಿದೆ. ಮಿಣುಕದಿದ್ದರೆ ಆ ಎರಡು ಅನುಮಾನ ಬಿಡಬಹುದು. ಮೀಟರ್ ಜೋರಾಗಿ ಓಡ್ತಿದೆಯಾ ಅನ್ನೋದು ಇದರಿಂದ ಗೊತ್ತಾಗಲ್ಲ, ಅದಕ್ಕೆ ವೆಂಕಟೇಶ್ ಹೇಳಿದ ಟೆಸ್ಟಿಂಗೇ ಬೇಕು. ಆದರೆ ಎರಡು ತಿಂಗಳ ಬಳಕೆ 186 ಮತ್ತು 209 ಇರುವಾಗ ನನಗೇನೂ ಹಾಗೆ ಅನ್ನಿಸ್ತಿಲ್ಲ. ಬಿಲ್ಲು ಏಳು ಪಟ್ಟಾಗಿದೆ, ಯೂನಿಟ್ ಏಳು ಪಟ್ಟಾಗಿಲ್ಲ.

ಜಯಣ್ಣ, ಗುಬ್ಬಿ

ಇಷ್ಟೆಲ್ಲಾ ಯಾಕೆ? ಬಚ್ಚಲಲ್ಲಿ ಹಂಡೆ ಒಲೆ ಇದ್ದರೆ ತೆಂಗಿನ ಮಟ್ಟೆ, ಗರಿ ಹಾಕಿ ನೀರು ಕಾಯಿಸಿ. ನಮ್ಮನೆಯಲ್ಲಿ ಗೀಸರ್ ಇದೆ, ನೆಂಟರು ಬಂದಾಗ ಮಾತ್ರ ಹಾಕೋದು. ತುಮಕೂರು ಜಿಲ್ಲೆಯಲ್ಲಿ ಮಟ್ಟೆಗೇನು ಬರವೇ?

ಮಂಜುಳಾ, ಕ್ಯಾತ್ಸಂದ್ರ

ಜಯಣ್ಣನವರೇ, ನಾವು ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿದ್ದೀವಿ. ಒಲೆ ಹಾಕಿದರೆ ಓನರ್ ಒಪ್ಪಲ್ಲ.

ನಾಗರಾಜಪ್ಪನವರೇ, ನೀವು ಹೇಳಿದ ಹಾಗೇ ನೋಡಿದೆ. ನಮ್ಮ ಮೀಟರಲ್ಲಿ 3200 imp/kWh ಅಂತ ಇದೆ. ಎಲ್ಲಾ ಕಿತ್ತಾಗ ದೀಪ ಒಂದು ಸಲವೂ ಮಿಣುಕಲಿಲ್ಲ.

ರಾತ್ರಿ ಹತ್ತರಿಂದ ಬೆಳಿಗ್ಗೆ ಐದೂವರೆವರೆಗೆ 0.8 ಯೂನಿಟ್ ಓಡಿದೆ. ಐದೂವರೆಯಿಂದ ಎಂಟೂವರೆವರೆಗೆ 2.9. ಮಿಕ್ಸಿ ಒಂದೆರಡು ನಿಮಿಷ ಹಾಕಿದ್ದೆ ಅಷ್ಟೇ. ಎರಡನೇ ದಿನವೂ ಹೆಚ್ಚು ಕಡಿಮೆ ಇದೇ ಬಂತು.

ನಾಗರಾಜಪ್ಪ, ತಿಪಟೂರು

ಚೆನ್ನಾಗಿ ಅಳೆದಿದ್ದೀರಿ. ಈಗ ನೋಡಿ, ರಾತ್ರಿಯ ಏಳೂವರೆ ಗಂಟೆ ಅವಧಿಗೆ 0.8 ಅಂದ್ರೆ ಸರಾಸರಿ ಸುಮಾರು 107 ವ್ಯಾಟ್. ಇದು ನೀವು ಮಲಗಿದ್ದಾಗಲೂ ಓಡೋದು. ದಿನಪೂರ್ತಿ ಇಷ್ಟೇ ಹಿಡಿದರೆ 24 ಗಂಟೆಗೆ 2.56 ಯೂನಿಟ್. ಬೆಳಿಗ್ಗೆಯ 2.9ರಲ್ಲಿ ಇದರ ಪಾಲು 0.3 ಕಳೆದರೆ ಗೀಸರಿನದು 2.6.

ನಿಮ್ಮ ಬಿಲ್ಲಿನ 209ನ್ನು 33 ದಿನಕ್ಕೆ ಹಂಚಿದರೆ ದಿನಕ್ಕೆ 6.33. ಅದರಲ್ಲಿ ಗೀಸರ್ 2.6, ಸದಾ ಓಡೋದು 2.56. ಉಳಿದ 1.17ರಲ್ಲಿ ಮೋಟಾರ್, ಟಿವಿ, ವಾಷಿಂಗ್ ಮಷೀನ್, ಸಂಜೆ ಲೈಟು. ಲೆಕ್ಕ ಕೂಡ್ತು ನೋಡಿ.

ಗೀಸರಿನ ಬಗ್ಗೆ ಒಂದು ಮಾತು. ಬೇಗ ಆಫ್ ಮಾಡಿದರೆ ಅರ್ಧ ಉಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ. ನಿಮ್ಮ ಮನೆಯಲ್ಲಿ ಹಾಗಾಗಲ್ಲ. 20 ಲೀಟರ್ ಬಕೆಟ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ತರೋಕೆ ಸುಮಾರು 0.46 ಯೂನಿಟ್ ಬೇಕೇ ಬೇಕು. ಐದು ಬಕೆಟ್‌ಗೆ 2.3. ನಿಮ್ಮದು 2.6. ಅಂದ್ರೆ ಟ್ಯಾಂಕು ಸುಮ್ನೆ ಬಿಸಿ ಇಟ್ಟುಕೊಂಡು ಕಳೆದುಕೊಳ್ಳೋದು 0.3 ಮಾತ್ರ. ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿ, ಥರ್ಮೋಸ್ಟಾಟ್ 50ರ ಹತ್ತಿರ ಇಳಿಸಿದರೆ ಅದರಲ್ಲಿ ಸ್ವಲ್ಪ ಉಳಿಯಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ಬಿಸಿನೀರೇ ಕಡಿಮೆ ಬಳಸಬೇಕು. ಮಕ್ಕಳು, ವಯಸ್ಸಾದವರು ಇರೋ ಮನೆಯಲ್ಲಿ ಈ ಚಳಿಗೆ ನಾನು ಅದನ್ನ ಹೇಳಲ್ಲ.

ಅದಕ್ಕೇ ನನ್ನ ಕಣ್ಣು ರಾತ್ರಿಯ 107 ವ್ಯಾಟ್ ಮೇಲಿದೆ. ಫ್ರಿಜ್ ಸ್ವಲ್ಪ ಹೊತ್ತು ಆಫ್ ಮಾಡಿ, ಬೇರೆಲ್ಲ ರಾತ್ರಿ ಇದ್ದ ಹಾಗೇ ಬಿಟ್ಟು, ಐದು ನಿಮಿಷಕ್ಕೆ ಕೆಂಪು ದೀಪ ಎಷ್ಟು ಸಲ ಮಿಣುಕುತ್ತೆ ಎಣಿಸಿ. ನಿಮ್ಮ ಮೀಟರಿನಲ್ಲಿ 3200 ಮಿಣುಕಿಗೆ ಒಂದು ಯೂನಿಟ್.

ಮಂಜುಳಾ, ಕ್ಯಾತ್ಸಂದ್ರ

ಫ್ರಿಜ್ ಆಫ್ ಇದ್ದಾಗ ಐದು ನಿಮಿಷಕ್ಕೆ 10 ಮಿಣುಕು. ಆಮೇಲೆ ಟಿವಿ ಮತ್ತು ಸೆಟ್‌ಟಾಪ್ ಬಾಕ್ಸ್ ಇರೋ ಪ್ಲಗ್ ಆಫ್ ಮಾಡಿದೆ. 6ಕ್ಕೆ ಇಳಿಯಿತು! ಟಿವಿ ರಿಮೋಟಲ್ಲಿ ಆಫೇ ಆಗಿತ್ತು. ಉಳಿದ 6 ವೈಫೈದು ಮತ್ತು ಮೆಟ್ಟಿಲ ಹತ್ತಿರದ ದೀಪದ್ದು ಇರಬೇಕು.

ನಾಗರಾಜಪ್ಪ, ತಿಪಟೂರು

ಸಿಕ್ತಲ್ಲ. 10 ಮಿಣುಕು ಅಂದ್ರೆ 37 ವ್ಯಾಟ್, 6 ಅಂದ್ರೆ 22. ನಡುವಿನ 15 ವ್ಯಾಟ್ ಆ ಬಾಕ್ಸ್ ಮತ್ತು ಟಿವಿಯದು. ರಿಮೋಟಲ್ಲಿ ಆಫ್ ಮಾಡಿದರೂ ಬಾಕ್ಸ್ ಒಳಗೆ ಕೆಲಸ ಮಾಡ್ತಾನೇ ಇರುತ್ತೆ. ದಿನಕ್ಕೆ ನಾಲ್ಕು ಗಂಟೆ ಟಿವಿ ನೋಡಿ ಉಳಿದ ಹೊತ್ತು ಗೋಡೆಯ ಸ್ವಿಚ್ಚಲ್ಲೇ ಆರಿಸಿದರೆ ದಿನಕ್ಕೆ 0.3 ಯೂನಿಟ್ ಉಳಿಯುತ್ತೆ. 33 ದಿನಕ್ಕೆ 10 ಯೂನಿಟ್. ನೀವು ಗೆರೆ ದಾಟಿದ್ದು 9 ಯೂನಿಟ್.

ಸುರೇಶ್, ಕೋಲಾರ

ಸೆಟ್‌ಟಾಪ್ ಬಾಕ್ಸಾ! ಹಾಗಾದರೆ ಫ್ರಿಜ್‌ಗೆ 70 ವ್ಯಾಟ್ ಉಳೀತು. ಹಳೇದು ಅನ್ಸುತ್ತೆ. ಹೊಸ ಫೈವ್ ಸ್ಟಾರ್ ಫ್ರಿಜ್ ತಗೊಂಡರೆ ಅರ್ಧ ಉಳಿಯಲ್ವಾ?

ನಾಗರಾಜಪ್ಪ, ತಿಪಟೂರು

ಉಳಿಯಬಹುದು. ದಿನಕ್ಕೆ 0.8 ಉಳಿಯಿತು ಅಂತ್ಲೇ ಇಟ್ಟುಕೊಳ್ಳಿ. ತಿಂಗಳಿಗೆ 24 ಯೂನಿಟ್, 6.68ರಂತೆ 160 ರೂಪಾಯಿ. ಫ್ರಿಜ್ 20 ಸಾವಿರ ಅಂದ್ರೂ ಆ ದುಡ್ಡು ವಾಪಸ್ ಬರೋಕೆ ಹತ್ತು ವರ್ಷ ಬೇಕು. ಕೆಟ್ಟಾಗ ಬದಲಾಯಿಸೋವಾಗ ಸ್ಟಾರ್ ನೋಡಿ. ಈ ಬಿಲ್ಲಿಗೆ ಹೆದರಿ ಸಾಲ ಮಾಡಿ ತರಬೇಡಿ. ಬಾಗಿಲ ರಬ್ಬರ್ ಸಡಿಲವಾಗಿದೆಯಾ ಅಂತ ಮಾತ್ರ ಈಗಲೇ ನೋಡಿಬಿಡಿ.

ಶೈಲಜಾ, ಶಿಡ್ಲಘಟ್ಟ

ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಈ ಬಿಲ್ಲು 33 ದಿನದ್ದು. ಹಿಂದಿನದು 31 ದಿನದ್ದು. 186ನ್ನು 31ಕ್ಕೆ ಹಂಚಿದರೆ ದಿನಕ್ಕೆ 6. ಅದೇ ಲೆಕ್ಕದಲ್ಲಿ ಇದ್ದಿದ್ದರೂ 33 ದಿನಕ್ಕೆ 198 ಆಗುತ್ತಿತ್ತು. ಅಂದ್ರೆ ಜಾಸ್ತಿಯಾದ 23ರಲ್ಲಿ 12 ಯೂನಿಟ್ ಬರೀ ದಿನದ್ದು, 11 ಮಾತ್ರ ಚಳಿಯದ್ದು. 30 ದಿನಕ್ಕೇ ರೀಡಿಂಗ್ ತೆಗೆದಿದ್ದರೆ ಇವರದು 190 ಆಗುತ್ತಿತ್ತು. ರೀಡಿಂಗ್ ತಡವಾಗಿ ತೆಗೆದದ್ದಕ್ಕೆ ಇವರು ಯಾಕೆ 1832 ಕಟ್ಟಬೇಕು?

ನಾಗರಾಜಪ್ಪ, ತಿಪಟೂರು

ಒಳ್ಳೇ ಮಾತು ಶೈಲಜಮ್ಮ. ಇದು ಕೇಳಬೇಕಾದ ಪ್ರಶ್ನೆ. ಮಂಜುಳಮ್ಮ, ಎರಡೂ ಬಿಲ್ಲಿನ ಪ್ರತಿ ಇಟ್ಟುಕೊಂಡು ಸಬ್ ಡಿವಿಷನ್ ಕಚೇರಿಗೆ ಹೋಗಿ. ದಿನಾಂಕ ತೋರಿಸಿ, ದಿನದ ಲೆಕ್ಕದಲ್ಲಿ 200ರ ಮಿತಿ ಹಿಡಿಯಿರಿ ಅಂತ ಬರಹದಲ್ಲೇ ಕೇಳಿ, ಸ್ವೀಕೃತಿ ತಗೊಳ್ಳಿ. 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ಕೂಡ ತಗೊಳ್ಳಿ.

ವೆಂಕಟೇಶ್, ಗೌರಿಬಿದನೂರು

ನಮ್ಮ ಸಂಬಂಧಿಕರೊಬ್ಬರು ಹೀಗೇ ಕೇಳಿದ್ದರು. ಸರಿ ಮಾಡಿಕೊಡಲಿಲ್ಲ, ಮೊದಲು ಕಟ್ಟಿ ಅಂದರು.

ಶೈಲಜಾ, ಶಿಡ್ಲಘಟ್ಟ

ನನ್ನ ಅಕ್ಕನ ಮನೆಗೆ ಮುಂದಿನ ಬಿಲ್ಲಿನಲ್ಲಿ ಹೊಂದಾಣಿಕೆ ಮಾಡಿಕೊಟ್ಟರು. ಆದರೆ ಅವರದು 40 ದಿನದ ಮೇಲಾಗಿತ್ತು. 33ಕ್ಕೆ ಏನಂತಾರೋ. ಕೇಳದೆ ಬಿಡಬೇಡಿ ಮಂಜುಳಾ.

ಮಂಜುಳಾ, ಕ್ಯಾತ್ಸಂದ್ರ

ಅರ್ಜಿ ಕೊಟ್ಟು ಬಂದೆ, ಸೀಲ್ ಹಾಕಿಸಿಕೊಂಡೆ. ನೋಡ್ತೀವಿ ಅಂದಿದ್ದಾರೆ, ಅಷ್ಟೇ. ಡಿಸ್‌ಕನೆಕ್ಟ್ ಆಗಬಾರದು ಅಂತ ಬಿಲ್ಲು ಕಟ್ಟಿಬಿಟ್ಟೆ.

ಟಿವಿ ಪ್ಲಗ್ ಈಗ ರಾತ್ರಿ ಆಫ್. ಹಗಲು ಮಾವನವರು ಕ್ರಿಕೆಟ್ ನೋಡ್ತಾರೆ, ಅದನ್ನ ನಾನು ತಡೆಯಲ್ಲ. ಆದರೆ ಅವರೇ ಮಧ್ಯಾಹ್ನ ಒಂದು ಗಂಟೆಗೆ ಸ್ನಾನ ಮಾಡ್ತೀನಿ ಅಂದರು. ಆ ಹೊತ್ತಿಗೆ ಮೇಲಿನ ಟ್ಯಾಂಕಿನ ನೀರು ಬಿಸಿಲಿಗೆ ಬೆಚ್ಚಗಾಗಿರುತ್ತೆ, ಗೀಸರ್ ಬೇಕಾಗ್ತಿಲ್ಲ. ಇವತ್ತು 19ನೇ ತಾರೀಕು, ರೀಡಿಂಗ್ 11759. 12 ದಿನಕ್ಕೆ 68 ಯೂನಿಟ್.

ನಾಗರಾಜಪ್ಪ, ತಿಪಟೂರು

ದಿನಕ್ಕೆ 5.7ರ ಹತ್ತಿರ. ಹೀಗೇ ನಡೆದರೆ 33 ದಿನವಾದರೂ 187ರಲ್ಲಿ ನಿಲ್ಲುತ್ತೆ. ಕ್ಯಾಲೆಂಡರ್ ಮೇಲೆ 11891 ಅಂತ ದಪ್ಪಗೆ ಬರೆದಿಡಿ. ಅದು ಈ ಬಿಲ್ಲಿನ ರೀಡಿಂಗ್‌ಗೆ 200 ಸೇರಿಸಿದ್ದು. ಫೆಬ್ರವರಿ 1ರಿಂದ ದಿನಾ ಮೀಟರ್ ನೋಡಿ. ಅದರ ಹತ್ತಿರ ಬಂದು ರೀಡಿಂಗ್ ತೆಗೆಯೋರು ಇನ್ನೂ ಬಂದಿಲ್ಲ ಅಂದ್ರೆ ಆವತ್ತಿನ ಮೀಟರ್ ಫೋಟೋ ದಿನಾಂಕದ ಸಮೇತ ಇಟ್ಟುಕೊಳ್ಳಿ.

ಮಾರ್ಚ್‌ನಿಂದ ಗೀಸರ್ ಕಡಿಮೆಯಾಗಿ ಫ್ಯಾನ್ ಶುರುವಾಗುತ್ತೆ. 75 ವ್ಯಾಟಿನ ಮೂರು ಫ್ಯಾನು ಹತ್ತು ಗಂಟೆ ಓಡಿದರೆ ದಿನಕ್ಕೆ 2.25. ಆಗ ಇನ್ನೊಂದು ಸಲ ರಾತ್ರಿಯ ರೀಡಿಂಗ್ ತೆಗೆದು ಇಲ್ಲೇ ಹಾಕಿ.

ಫಾತಿಮಾ, ಚಿಂತಾಮಣಿ

ನಾನೂ ಇವತ್ತು ಮಿಣುಕು ಎಣಿಸಿದೆ ಅಣ್ಣ. ಎಲ್ಲಾ ಪ್ಲಗ್ ಕಿತ್ತ ಮೇಲೂ ಐದು ನಿಮಿಷಕ್ಕೆ 4 ಸಲ ಮಿಣುಕ್ತು. ನಮ್ಮದು ಹೊಸ ವೈರಿಂಗು. ಮೊದಲು ಯಾರನ್ನ ಕರೀಲಿ?

ನಾಗರಾಜಪ್ಪ, ತಿಪಟೂರು

ಯಾರನ್ನೂ ಕರೆಯೋ ಮುಂಚೆ ಇನ್ವರ್ಟರ್ ಮತ್ತು ಕಾಲಿಂಗ್ ಬೆಲ್ ಆಫ್ ಆಗಿದ್ವಾ ಹೇಳಿ. ಅವು ಪ್ಲಗ್ ಇಲ್ಲದೆ ನೇರ ಲೈನಿನಲ್ಲಿ ಇರಬಹುದು. ಆಮೇಲೆ ಎಂಸಿಬಿ ಒಂದೊಂದಾಗಿ ಇಳಿಸಿ. ಯಾವುದು ಇಳಿಸಿದಾಗ ಮಿಣುಕು ನಿಲ್ಲುತ್ತೋ ಆ ಲೈನಿನಲ್ಲಿದೆ. ಎಲ್ಲಾ ಇಳಿಸಿದರೂ ಮಿಣುಕ್ತಿದ್ದರೆ ಮೀಟರಿಗೂ ಬೋರ್ಡಿಗೂ ನಡುವಿನದು. ಅಲ್ಲಿ ನೀವು ಕೈ ಹಾಕಬೇಡಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೀರಿ.